ರಿಯಾದಿನ ನಮೂನೆಯೊಂದನ್ನು ಕನ್ನಡಕ್ಕೆ ತಂದ ಬಗೆ

ಬೀದರ ಜಿಲ್ಲೆಯ ಔರಾದ ಕಡೆಯಿಂದ ರಿಯಾದಿಗೆ ಗೌಂಡಿ ಕೆಲಸಕ್ಕೆ ಹೋದ ಹುಡುಗನೊಬ್ಬ, ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣಕ್ಕೆಂದು ಕೊಟ್ಟ ಅರಬ್ಬಿ ನಮೂನೆಯ ಫೋಟೊವನ್ನು 2024ರ ಕೊನೆಗೆ ನನಗೆ ವಾಟ್ಸಾಪಿನಲ್ಲಿ ಕಳಿಸಿದ. ಕೋಣೆಯಲ್ಲಿದ್ದ ಉರ್ದು ಬಲ್ಲ ಗೆಳೆಯ ಅದನ್ನು ಆಗಲೇ ಓದಿ ಹೇಳಿದ್ದ. ಆದರೂ ಇವನಿಗೆ ಸಂಶಯ: "ಕಾಕಾ, ಇದರಾಗ ಜಾತಿ ಕೇಳ್ಯಾರಂತ, ಏನ್ ಬರೀಲಿ?"

ನಮೂನೆಯಲ್ಲಿ ಜಾತಿಯ ಪ್ರಶ್ನೆಯೇ ಇರಲಿಲ್ಲ. ಅಲ್ಲಿದ್ದ 'ಹಾಲಾ ಇಜ್ತಿಮಾಯಿಯಾ' ಎಂಬುದಕ್ಕೆ ಶಬ್ದಾರ್ಥ ಸಾಮಾಜಿಕ ಸ್ಥಿತಿ ಎಂದಾದರೂ, ಅರಬ್ಬಿ ನಮೂನೆಗಳಲ್ಲಿ ಅದು ಕೇಳುವುದು ಮದುವೆಯಾಗಿದೆಯೋ ಇಲ್ಲವೋ ಎಂಬುದನ್ನು. ಲಿಪಿ ಪರಿಚಿತವಾಗಿರುವುದರಿಂದಲೇ ಉರ್ದು ಓದುಗರು ಇಂಥಲ್ಲಿ ಎಡವುತ್ತಾರೆ. ಉರ್ದುವಿನಲ್ಲಿ, ನಮ್ಮ ಭಾಗದ ಮಾತಿನಲ್ಲೂ, 'ರಕಂ' ಎಂದರೆ ಹಣ. ಅರಬ್ಬಿಯಲ್ಲಿ ಅದು ಸಂಖ್ಯೆ. ಹೀಗಾಗಿ ಪಾಸ್‌ಪೋರ್ಟ್ ಸಂಖ್ಯೆಯ ಅಂಕಣವನ್ನು ಆ ಗೆಳೆಯ ಪಾಸ್‌ಪೋರ್ಟಿನ ಶುಲ್ಕವೆಂದು ತಿಳಿದಿದ್ದ. 'ಜಿನ್ಸಿಯಾ' ಎಂಬುದನ್ನು ಲಿಂಗವೆಂದುಕೊಂಡು 'ಪುರುಷ' ಎಂದು ಬರೆಸಲಿದ್ದ. ಅದು ರಾಷ್ಟ್ರೀಯತೆಯ ಅಂಕಣ.

ನನಗೆ ಹೆಚ್ಚು ಹೊತ್ತು ಹಿಡಿದದ್ದು ಇಕಾಮಾ ಮುಗಿಯುವ ದಿನಾಂಕ. ಅರಬ್ಬಿ ಅಂಕಿಗಳಲ್ಲಿ ಸೊನ್ನೆಯೆಂದರೆ ಬರಿಯ ಚುಕ್ಕೆ, ಐದು ಎಂದರೆ ನಮ್ಮ ಸೊನ್ನೆಯಂತಹ ಉಂಗುರ. ಮಸುಕಾದ ಫೋಟೊದಲ್ಲಿ ಚುಕ್ಕೆಗಳು ಅಳಿಸಿಹೋಗಿ, ದಿನದ ಜಾಗದಲ್ಲಿ ಒಂದು, ತಿಂಗಳ ಜಾಗದಲ್ಲಿ ಉಂಗುರ ಮಾತ್ರ ಉಳಿದಿದ್ದವು. ಊಹಿಸಿ ತುಂಬುವ ಬದಲು 'ಓದಲಾಗಲಿಲ್ಲ' ಎಂದು ಬರೆದು, ಹಾಳೆಯನ್ನು ಹಗಲು ಬೆಳಕಿನಲ್ಲಿ ಸಪಾಟಾಗಿಟ್ಟು, ಫ್ಲಾಶ್ ಇಲ್ಲದೆ ಮತ್ತೊಮ್ಮೆ ಚಿತ್ರ ತೆಗೆದು, ಅದು ಕುಗ್ಗದಂತೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದೆ. ಆಗ ಚುಕ್ಕೆಗಳು ಕಂಡವು: 10/05/1446. ಇದು ಹಿಜರಿ ದಿನಾಂಕ. ಐದನೆಯ ತಿಂಗಳು ಮೇ ಅಲ್ಲ, ಜಮಾದಿಲ್ ಅವ್ವಲ್, ಅದು ಆ ವರ್ಷ ನವೆಂಬರಿನಲ್ಲಿ ಬಂದಿತ್ತು. ಮೇ ಎಂದು ಓದಿದ್ದರೆ ಇನ್ನೂ ತಿಂಗಳುಗಟ್ಟಲೆ ಅವಧಿಯಿದೆಯೆಂದು ಅವನು ಸುಮ್ಮನಿರುತ್ತಿದ್ದ.

ಹೆಸರಿನ ಅಂಕಣಕ್ಕೆ ಅನುವಾದವೇ ಬೇಡ. ಅವನ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿಯಿದ್ದುದರಿಂದ, ಊರಿನಲ್ಲಿ ಕರೆಯುವ ಮನೆತನದ ಹೆಸರನ್ನು ಸೇರಿಸದೆ, ಮುದ್ರಿತವಾದದ್ದನ್ನು ಅಕ್ಷರ ತಪ್ಪದೆ ನಕಲಿಸು ಎಂದಷ್ಟೇ ತಿಳಿಸಿದೆ.

ಸಹಿಯ ಮೇಲೆ 'ಇಕ್ರಾರ್' ಎಂಬ ತಲೆಬರಹದಡಿ ಸಣ್ಣ ಅಕ್ಷರದ ಎರಡು ಸಾಲುಗಳಿದ್ದವು. ಮೊದಲನೆಯದು ಮೇಲಿನ ವಿವರಗಳೆಲ್ಲ ಸರಿಯೆಂಬ ಘೋಷಣೆ. ಎರಡನೆಯದು ಈವರೆಗಿನ ಪಗಾರವೆಲ್ಲ ತನಗೆ ಮುಟ್ಟಿದೆ ಎಂಬುದು. ಅವನಿಗೆ ಎರಡು ತಿಂಗಳ ಪಗಾರ ಬಾಕಿಯಿತ್ತು. ಆ ಸಾಲನ್ನು ಸಂಕ್ಷೇಪಿಸದೆ ಪೂರ್ತಿ ಕನ್ನಡದಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಸಹಿಗೆ ಮುಂಚೆ ಕಚೇರಿಯಲ್ಲಿ ಕೇಳು ಎಂದು ಕಳಿಸಿದೆ. ಮರುದಿನ ಆ ಸಾಲಿಲ್ಲದ ಬೇರೆ ಪ್ರತಿ ಕೊಟ್ಟರಂತೆ. ಅದರ ಫೋಟೊವನ್ನೂ ತರಿಸಿಕೊಂಡು ಮೊದಲಿನಿಂದ ಓದಿದೆ.