ಪ್ರೊಫೈಲಿನಲ್ಲಿ 90 ಎಂದಿತ್ತು, ನೋಟ್‌ಬುಕ್ಕಿನಲ್ಲಿ 13 ಜನ ಇದ್ದರು

ಶಿರಸಿಯಲ್ಲಿ ಕೆರಿಯರ್ ಕೋಚಿಂಗ್ ಮಾಡುತ್ತೇನೆ. ಮೊದಲು ನನ್ನ ಪ್ರೊಫೈಲಿನಲ್ಲಿ 'ನೂರಕ್ಕೆ 90 ಜನರಿಗೆ ಕೆಲಸ' ಎಂದು ಬರೆದುಕೊಂಡಿದ್ದೆ. ಮಗಳನ್ನು ಕರೆದುಕೊಂಡು ಬಂದಿದ್ದ ಸಿದ್ದಾಪುರ ಕಡೆಯವರೊಬ್ಬರು ಅದನ್ನು ಓದಿ, "ಒಟ್ಟು ಎಷ್ಟು ಜನ ಬಂದಿದ್ದರು ತಂಗಿ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತು ರಾತ್ರಿ ಹಿಂದಿನ ವರ್ಷದ ನೋಟ್‌ಬುಕ್ ತೆಗೆದು ಕೂತೆ. ಬಂದವರು 31. ಒಂದೇ ಭೇಟಿಗೆ ನಿಲ್ಲಿಸಿದವರು 9. ಉಳಿದ 22 ಜನರಲ್ಲಿ ಆರು ತಿಂಗಳೊಳಗೆ ಕೆಲಸ ಸಿಕ್ಕಿದ್ದು 13 ಜನರಿಗೆ. ಹಾಗಾದರೆ 90 ಎಲ್ಲಿಂದ ಬಂತು? ಕೆಲಸ ಸಿಕ್ಕವರು ಖುಷಿಯಿಂದ ಫೋನ್ ಮಾಡುತ್ತಾರೆ, ಸಿಗದವರು ಸುಮ್ನೆ ಇದ್ದುಬಿಡುತ್ತಾರೆ, ಹಾಗೆ ತಾವಾಗಿ ಫೋನ್ ಮಾಡಿದವರನ್ನಷ್ಟೇ ನಾನು ಎಣಿಸಿದ್ದೆ. ಸುಮ್ಮನಿದ್ದವರಿಗೆಲ್ಲ ನಾನೇ ಫೋನ್ ಮಾಡಿ ಕೇಳಿದೆ. ಈಗ ಪ್ರೊಫೈಲಿನಲ್ಲಿ ಈ ಸಂಖ್ಯೆಗಳೆಲ್ಲ ಇವೆ. ಆ 13ರಲ್ಲಿ 3 ಜನರಿಗೆ ಕೆಲಸ ಆಗಿದ್ದು ಪರಿಚಯದವರ ಮೂಲಕ ಎಂದೂ ಬರೆದಿದ್ದೇನೆ.

ನಾನು ಏನು ಮಾಡುತ್ತೇನೆ ಅನ್ನುವುದನ್ನೂ ಪ್ರೊಫೈಲಿನಲ್ಲಿ ಒಬ್ಬರ ಕಥೆಯಿಂದಲೇ ಹೇಳಿದೆ. ಬಿಕಾಂ ಓದಿದ ಹುಡುಗಿ, ಲೆಕ್ಕ ಬರೆಯುವ ಕೆಲಸದಲ್ಲಿ ಮೂರು ವರ್ಷ ಇದ್ದವಳು. 40 ಕಡೆ ಅರ್ಜಿ ಹಾಕಿದ್ದಳು, ಒಂದು ಕಡೆಯಿಂದಲೂ ಕರೆ ಬಂದಿರಲಿಲ್ಲ. ಕರೆಯೇ ಬರದಿದ್ದರೆ ನಾನು ಮೊದಲು ನೋಡುವುದು ರೆಸ್ಯೂಮೆಯನ್ನು. ಕರೆ ಬಂದು, ಸಂದರ್ಶನದಲ್ಲಿ ನಿಂತುಹೋಗುತ್ತಿದ್ದರೆ ಮಾತಿನ ಅಭ್ಯಾಸ ಬೇಕು. ಇವಳ ರೆಸ್ಯೂಮೆಯಲ್ಲಿ 'ಅಕೌಂಟ್ಸ್ ಜವಾಬ್ದಾರಿ' ಎಂದಷ್ಟೇ ಇತ್ತು. ದಿನಕ್ಕೆ ಎಷ್ಟು ವೋಚರ್, ಟ್ಯಾಲಿಯಲ್ಲಿ ಏನೇನು, ಜಿಎಸ್‌ಟಿ ರಿಟರ್ನ್ ತಾನೇ ಹಾಕುತ್ತಿದ್ದಳಾ, ಒಂದೊಂದೇ ಕೇಳುತ್ತಾ ಒಂದೂವರೆ ಗಂಟೆ ಕೂತು ಬರೆಸಿದೆ. ಆಮೇಲೆ 15 ಅರ್ಜಿಗೆ 4 ಕರೆ ಬಂದವು. ಐದನೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಕೆಲಸ ಆಯಿತು. ಆ ಕೆಲಸ ಖಾಲಿ ಇದೆ ಎಂದು ತಿಳಿಸಿದ್ದು ಅವಳ ಭಾವ. ಅದನ್ನೂ ಬಿಡದೆ ಬರೆದೆ.

ಹಾಕುವ ಮೊದಲು ಅವಳಿಗೇ ಓದಿಸಿದೆ. ಸಂಬಳ ಬೇಡ ಎಂದಳು, ತೆಗೆದೆ. ನಮ್ಮಂಥ ಊರಲ್ಲಿ ಹೆಸರು ಬಿಟ್ಟರೆ ಸಾಲುವುದಿಲ್ಲ, ತಾಲೂಕು ಮತ್ತು ಹಳೆಯ ಕೆಲಸದ ಜಾಗ ಹೇಳಿದರೂ ಯಾರ ಮನೆ ಹುಡುಗಿ ಎಂದು ಗೊತ್ತಾಗಿಬಿಡುತ್ತದೆ, ಅಲ್ವಾ? ಅವನ್ನೂ ತೆಗೆದೆ.

ಪಕ್ಕದಲ್ಲೇ ಕೆಲಸ ಆಗದವರ ಕಥೆಯೂ ಇದೆ. ಗಲ್ಫ್‌ನಿಂದ ವಾಪಸ್ ಬಂದ 45ರ ಒಬ್ಬರಿಗೆ ಕಾರವಾರದಲ್ಲೇ ಕೆಲಸ ಬೇಕಿತ್ತು. ಎಂಟು ತಿಂಗಳು ಹುಡುಕಿದೆವು. ಅವರು ಕೇಳಿದ ಸಂಬಳ ಇಲ್ಲಿ ಯಾರೂ ಕೊಡಲಿಲ್ಲ. ಇದನ್ನು ಹಾಕುವಾಗ ಕೈ ಹಿಂಜರಿಯಿತು. ಆದರೆ ಅವರೇ "ಹಾಕಿ ಮೇಡಂ, ನನ್ನಂಥವರಿಗೆ ಮೊದಲೇ ಗೊತ್ತಾಗಲಿ" ಎಂದರು.

"ಎಷ್ಟು ಕೊಟ್ಟರೆ ಕೆಲಸ ಆಗುತ್ತೆ?" ಎಂದು ಈಗಲೂ ಫೋನ್ ಬರುತ್ತದೆ. ಅದಕ್ಕೇ ಫೀಸಿನ ಮೇಲಿನ ಸಾಲಿನಲ್ಲೇ ಬರೆದಿದ್ದೇನೆ: ಕೆಲಸ ಕೊಡಿಸುವುದು ನನ್ನ ಕೈಯಲ್ಲಿಲ್ಲ, ಈ ಹಣ ರೆಸ್ಯೂಮೆ, ನಾಲ್ಕು ಭೇಟಿ ಮತ್ತು ಎರಡು ಅಣಕು ಸಂದರ್ಶನಕ್ಕೆ.