ಕೈಗ್ರೈಂಡರಿನ ಬುಡಕ್ಕೆ ನೀರು: ಗ್ರಾನೈಟ್ ಶೆಡ್ಡಿನಲ್ಲಿ ಧೂಳು ತಡೆದ ನನ್ನ ಅನುಭವ

ಬೆಂಗಳೂರಿನ ಹೊರವಲಯದ ಜಿಗಣಿಯ ಸುತ್ತಮುತ್ತ ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಘಟಕಗಳು ಬಹಳಷ್ಟಿವೆ. ಅಂಥದೊಂದು ಶೆಡ್ಡಿನ ಉತ್ಪಾದನೆಯ ಹೊಣೆ ನನ್ನದು. ಹೊರಗಿನವರು ಬಂದು ನೋಡಿದರೆ ಇಲ್ಲಿ ಧೂಳೇ ಇಲ್ಲವೆಂದು ತಿಳಿಯುತ್ತಾರೆ. ಏಕೆಂದರೆ ಬ್ಲಾಕ್ ಕೊಯ್ಯುವ ದೊಡ್ಡ ಬ್ಲೇಡೂ ಸ್ಲ್ಯಾಬಿಗೆ ಹೊಳಪು ಕೊಡುವ ಯಂತ್ರವೂ ನೀರಿನಲ್ಲೇ ಓಡುತ್ತವೆ, ನೆಲ ಸದಾ ಒದ್ದೆಯಾಗಿರುತ್ತದೆ. ಆದರೆ ಶೆಡ್ಡಿನ ಕೊನೆಯ ಭಾಗದಲ್ಲಿ, ಅಂಚನ್ನು ದುಂಡಗೆ ಮಾಡುವ ಮತ್ತು ಸಿಂಕಿನ ತೂತು ಕೊಯ್ಯುವ ಜಾಗದಲ್ಲಿ, ನಾಲ್ಕಿಂಚಿನ ಕೈಗ್ರೈಂಡರುಗಳು ಒಣಗಲ್ಲಿನ ಮೇಲೆ ಓಡುತ್ತಿದ್ದವು. ಕಲ್ಲಿನ ಧೂಳಿನಿಂದ ಶ್ವಾಸಕೋಶಕ್ಕೆ ತಗಲುವ ಸಿಲಿಕೋಸಿಸ್ ರೋಗ ಹುಟ್ಟುವುದು ಇಂಥ ಮೂಲೆಯಲ್ಲೇ.

ಗ್ರಾನೈಟಿನಲ್ಲಿ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಸ್ಫಟಿಕ ರೂಪದ ಸಿಲಿಕಾ, ಅಂದರೆ ಕ್ವಾರ್ಟ್ಜ್ ಇರುತ್ತದೆ. ಕೆಲಸಗಾರನ ಹುಬ್ಬು, ಮೀಸೆಗಳ ಮೇಲೆ ಬಿಳಿಯಾಗಿ ಕೂರುವ ದಪ್ಪ ಪುಡಿ ಹೆಚ್ಚಾಗಿ ಮೂಗು ಗಂಟಲುಗಳಲ್ಲೇ ತಡೆದು ಹೊರಬೀಳುತ್ತದೆ. ಐದು ಮೈಕ್ರಾನಿಗಿಂತ ಸಣ್ಣ ಕಣಗಳು ಮಾತ್ರ ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅವನ್ನು ನುಂಗಲು ಬಂದ ರಕ್ಷಕ ಜೀವಕೋಶಗಳು ಸಿಲಿಕಾವನ್ನು ಅರಗಿಸಿಕೊಳ್ಳಲಾರದೆ ಸಾಯುತ್ತವೆ, ಒಳಗಿದ್ದ ಕಣವನ್ನು ಮತ್ತೆ ಹೊರಗೆ ಬಿಡುತ್ತವೆ. ಹೀಗೆ ಮತ್ತೆ ಮತ್ತೆ ನಡೆದು ಆ ಜಾಗದಲ್ಲಿ ಗಟ್ಟಿಯಾದ ಗಾಯದ ಗಂಟುಗಳು ಬೆಳೆಯುತ್ತವೆ. ಗಂಟನ್ನು ಕರಗಿಸುವ ಔಷಧ ಇಲ್ಲ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಈ ರೋಗ 1947ರಲ್ಲೇ ವರದಿಯಾಗಿತ್ತು, ಆದ್ದರಿಂದ ನಮ್ಮ ನಾಡಿಗೆ ಇದು ಹೊಸ ಸಂಗತಿಯೇನಲ್ಲ.

ನಾನು ಮೊದಲು ಕೈಹಾಕಿದ್ದು ಕಣ್ಣಿಗೆ ಕಾಣದ ಈ ಧೂಳನ್ನು ಎಲ್ಲರಿಗೂ ಕಾಣಿಸುವ ಕೆಲಸಕ್ಕೆ. ಸಂಜೆ ಶೆಡ್ಡಿನ ದೀಪಗಳನ್ನು ಆರಿಸಿ, ಗ್ರೈಂಡರ್ ಹಿಡಿದವನ ಹಿಂದೆ ಒಂದು ಪ್ರಖರವಾದ ಟಾರ್ಚನ್ನು ನಿಲ್ಲಿಸಿ, ನಾವು ಎದುರಿನಿಂದ, ದೀಪದ ನೇರ ಬೆಳಕು ಕಣ್ಣಿಗೆ ಹೊಡೆಯದಂತೆ ತುಸು ಓರೆಯಾಗಿ ನೋಡಿದೆವು. ಹಗಲು ಹೊತ್ತಿನಲ್ಲಿ ಬ್ಲೇಡಿನಿಂದ ಒಂದೇ ದಿಕ್ಕಿಗೆ ಚಿಮ್ಮಿ ನೆಲಕ್ಕೆ ಬೀಳುವಂತೆ ತೋರುತ್ತಿದ್ದ ಪುಡಿಯ ಸುತ್ತ ಈಗ ಹೊಗೆಯಂಥ ಒಂದು ಮೋಡ ಕಾಣಿಸಿತು. ಅದು ಕೆಲಸಗಾರನ ಎದೆಯನ್ನು ಹಾಯ್ದು ಮುಖದ ಸುತ್ತ ಸುತ್ತಿಕೊಂಡು, ಯಂತ್ರ ನಿಲ್ಲಿಸಿದ ಎಷ್ಟೋ ಹೊತ್ತಿನವರೆಗೂ ಅಲ್ಲೇ ತೇಲುತ್ತಿತ್ತು. ಮೂಗಿಗೆ ಕಟ್ಟಿದ ಟವಲ್ಲಿನ ಬದಿಗಳಿಂದ ಅದು ಒಳಹೋಗುವುದನ್ನು ಕೆಲಸಗಾರರೇ ನೋಡಿದರು. ಆಮೇಲೆ ಯಾರಿಗೂ ಉಪದೇಶ ಮಾಡಬೇಕಾಗಲಿಲ್ಲ.

ಟಾರ್ಚು ಧೂಳು ಇದೆಯೆಂದು ತೋರಿಸುತ್ತದೆಯೇ ಹೊರತು ಎಷ್ಟಿದೆಯೆಂದು ಹೇಳುವುದಿಲ್ಲ. ಅದಕ್ಕೆ ಕೆಲಸಗಾರನ ಸೊಂಟಕ್ಕೆ ಒಂದು ಸಣ್ಣ ಪಂಪ್, ಕಾಲರಿಗೆ ಸೂಕ್ಷ್ಮ ಕಣಗಳನ್ನಷ್ಟೇ ಒಳಬಿಡುವ ಸೈಕ್ಲೋನ್ ಮತ್ತು ಫಿಲ್ಟರ್ ಕಟ್ಟಿ ಇಡೀ ಪಾಳಿಯ ಮಾದರಿ ತೆಗೆಸಬೇಕು. 1948ರ ಕಾರ್ಖಾನೆ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದ್ದ ಸೂತ್ರದಂತೆ, ಹತ್ತನ್ನು ಧೂಳಿನಲ್ಲಿರುವ ಕ್ವಾರ್ಟ್ಜ್‌ನ ಶೇಕಡಾವಾರಿಗೆ ಎರಡು ಕೂಡಿಸಿದ ಸಂಖ್ಯೆಯಿಂದ ಭಾಗಿಸಿದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಇರಬಹುದಾದ ಸೂಕ್ಷ್ಮ ಧೂಳಿನ ಮಿತಿ ಮಿಲಿಗ್ರಾಂಗಳಲ್ಲಿ ಸಿಗುತ್ತದೆ. ಕ್ವಾರ್ಟ್ಜ್ ಶೇ. 30 ಇದ್ದರೆ ಮಿತಿ ಸುಮಾರು 0.31. ಪಂಪ್ ನಿಮಿಷಕ್ಕೆ 1.7 ಲೀಟರಿನಂತೆ ಎಂಟು ಗಂಟೆ ಎಳೆಯುವ ಗಾಳಿ 0.816 ಘನ ಮೀಟರ್, ಹಾಗಾಗಿ ಫಿಲ್ಟರಿನಲ್ಲಿ ಕೂರುವ ಧೂಳಿನ ತೂಕ ದಿನಕ್ಕೆ 0.25 ಮಿಲಿಗ್ರಾಂಗಿಂತ ಹೆಚ್ಚಬಾರದು. ಅಂದರೆ ಪುಡಿ ಉಪ್ಪಿನ ನಾಲ್ಕೈದು ಹರಳುಗಳಷ್ಟು. ಈ ಲೆಕ್ಕ ಹಾಕಿದ ಮೇಲೆ, ಮಾಸ್ಕ್ ಕೊಟ್ಟು ಕೈತೊಳೆದುಕೊಳ್ಳುವುದು ಸಾಲದು, ಧೂಳು ಏಳದಂತೆಯೇ ಮಾಡಬೇಕು ಎಂಬುದು ನನಗೆ ನಿಶ್ಚಯವಾಯಿತು. ಅಮೆರಿಕ 2016ರಲ್ಲಿ ಸಿಲಿಕಾಕ್ಕೆ ಗೊತ್ತುಪಡಿಸಿದ, ಘನ ಮೀಟರಿಗೆ 0.05 ಮಿಲಿಗ್ರಾಂ ಮಿತಿ ಇದಕ್ಕಿಂತಲೂ ಬಿಗಿಯಾದುದು.

ದಾರಿ ನೀರೇ. ಆದರೆ ಬಾಟಲಿಯಿಂದ ಕಲ್ಲಿನ ಮೇಲೆ ಆಗಾಗ ನೀರು ಸುರಿಯುವುದರಿಂದ ಪ್ರಯೋಜನ ಕಡಿಮೆ. ವೇಗವಾಗಿ ತಿರುಗುವ ಚಕ್ರ ತನ್ನ ಮೇಲೆ ಬಿದ್ದ ನೀರನ್ನು ಹೊರಕ್ಕೆ ಎಸೆದುಬಿಡುತ್ತದೆ. ಆದ್ದರಿಂದ ಬ್ಲೇಡು ಕಲ್ಲನ್ನು ಮುಟ್ಟುವ ಜಾಗಕ್ಕೇ, ಎರಡೂ ಬದಿಯಿಂದ, ಎಡೆಬಿಡದೆ ನೀರು ತಲುಪಬೇಕು. ಕೈಯಲ್ಲಿ ಹಿಡಿಯುವ ಕಟರಿಗೆ ನಿಮಿಷಕ್ಕೆ ಅರ್ಧ ಲೀಟರ್ ಸಾಕಾಗುತ್ತದೆ, ಜಾಗ ಸರಿಯಿದ್ದರೆ. ಅಂಚು ಪಾಲಿಶಿಗೆ ನಡುವಿನ ರಂಧ್ರದಿಂದ ನೀರು ಹರಿಯುವ, ಕಂಪ್ರೆಸರ್ ಗಾಳಿಯಿಂದ ಓಡುವ ಯಂತ್ರಗಳನ್ನು ತಂದೆವು. ಸಾಮಾನ್ಯ ಕರೆಂಟ್ ಗ್ರೈಂಡರಿಗೆ ಪೈಪ್ ಕಟ್ಟಿ ನೀರು ಬಿಡುವುದು ಜೀವಕ್ಕೇ ಅಪಾಯ. ಕರೆಂಟಿನ ಯಂತ್ರವೇ ಬೇಕೆಂದರೆ ನೀರಿನ ಕೆಲಸಕ್ಕೆಂದೇ ತಯಾರಿಸಿದ್ದನ್ನು ತಂದು, 30 ಮಿಲಿಆಂಪಿಯರ್ ಕರೆಂಟ್ ಸೋರಿದರೆ ಸಂಪರ್ಕ ಕಡಿದುಹಾಕುವ ರಕ್ಷಣಾ ಸ್ವಿಚ್ ಮೂಲಕ ಮಾತ್ರ ಓಡಿಸಬೇಕು.

ವಿರೋಧ ಬಂದದ್ದು ನಾನು ಎಣಿಸದಿದ್ದ ಕಡೆಯಿಂದ. “ನೀರು ಬಿಟ್ರೆ ಗೆರೆ ಅಳಿಸಿಹೋಗತ್ತೆ ಸಾರ್, ಎಲ್ಲಿ ಕೊಯ್ಯೋದು?” ಎಂದು ಮೇಸ್ತ್ರಿ ಕೇಳಿದರು. ನ್ಯಾಯವಾದ ಮಾತು, ಸಿಂಕಿನ ತೂತು ಎರಡು ಮಿಲಿಮೀಟರ್ ಆಚೀಚೆಯಾದರೆ ಸ್ಲ್ಯಾಬೇ ಹಾಳು. ಪೆನ್ಸಿಲ್ ಬಿಟ್ಟು ಮೇಣದ ಬಣ್ಣದ ಕಡ್ಡಿಯಿಂದ ಗೆರೆ ಎಳೆದು, ದುಬಾರಿ ಸ್ಲ್ಯಾಬಿನಲ್ಲಿ ಗೆರೆಯ ಗುಂಟ ಟೇಪನ್ನೂ ಅಂಟಿಸಿದೆವು. ಆ ತಕರಾರು ಮುಗಿಯಿತು.

ಎರಡನೆಯ ತೊಡಕು ಕೆಸರಿನದು. ಕಲ್ಲಿನ ಸ್ಲರಿ ಒಣಗಿದರೆ ನಾವು ನೀರಿನಲ್ಲಿ ಹಿಡಿದಿಟ್ಟ ಸಿಲಿಕಾ ಪುನಃ ಧೂಳಾಗುತ್ತದೆ. ಒಣಗಿದ ನೆಲವನ್ನು ಪೊರಕೆಯಿಂದ ಗುಡಿಸಿದಾಗ ಟಾರ್ಚಿನ ಬೆಳಕಿನಲ್ಲಿ ಗ್ರೈಂಡರಿನಷ್ಟೇ ದಟ್ಟವಾದ ಮೋಡ ಏಳುತ್ತದೆ. ಆದ್ದರಿಂದ ಪಾಳಿ ಮುಗಿಯುವ ಮೊದಲೇ ನೆಲ ತೊಳೆದು ಸ್ಲರಿಯನ್ನು ಚರಂಡಿಗೆ ಎಳೆಯಬೇಕು, ಬಟ್ಟೆಗೆ ಅಂಟಿದ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದಿಕೊಳ್ಳುವುದನ್ನು ಪೂರ್ಣವಾಗಿ ನಿಲ್ಲಿಸಬೇಕು. ನೀರಿನ ಕೊರತೆಯಿರುವುದರಿಂದ ನಾವು ಅದೇ ನೀರನ್ನು ಮತ್ತೆ ಬಳಸುತ್ತೇವೆ. ಅದು ಸರಿಯಾಗಿ ತಿಳಿಯಾಗದಿದ್ದರೆ ನಳಿಕೆ ಕಟ್ಟಿಕೊಳ್ಳುತ್ತದೆ, ಅಷ್ಟೇ ಅಲ್ಲ, ಚಕ್ರದಿಂದ ಚಿಮ್ಮುವ ತುಂತುರಿನಲ್ಲೇ ಸಿಲಿಕಾ ಮೂಗಿಗೆ ಬರುತ್ತದೆ. ಹಾಗಾಗಿ ಕೆಸರು ತಳಕ್ಕಿಳಿಯಲು ಒಂದರ ಪಕ್ಕ ಒಂದು ತೊಟ್ಟಿ ಕಟ್ಟಿಸಿ, ಕೊನೆಯ ತೊಟ್ಟಿಯ ಮೇಲ್ಭಾಗದ ನೀರನ್ನಷ್ಟೇ ಯಂತ್ರಗಳಿಗೆ ಕೊಡುತ್ತೇವೆ.

ಗಿರಾಕಿಯ ಮನೆಯೊಳಗೆ ಸ್ಲ್ಯಾಬ್ ಕೂರಿಸುವ ಕೆಲಸ ಇನ್ನೂ ಕಷ್ಟದ್ದು. ಬಣ್ಣ ಬಳಿದ ಗೋಡೆಯ ಪಕ್ಕ ಯಾರೂ ನೀರು ಬಿಡಲೊಪ್ಪುವುದಿಲ್ಲ. ಅಳತೆ ತಂದು ಶೆಡ್ಡಿನಲ್ಲೇ ಎಲ್ಲ ಕೊಯ್ಲನ್ನೂ ಮುಗಿಸುವುದು ಮೊದಲ ಉಪಾಯ. ಉಳಿದ ಸಣ್ಣ ತಿದ್ದುಪಡಿಗೆ ಗ್ರೈಂಡರಿಗೆ ಮುಚ್ಚಳ ಹಾಕಿ, ಸೂಕ್ಷ್ಮ ಕಣಗಳನ್ನೂ ಹಿಡಿದಿಡುವ ಹೆಪಾ ಫಿಲ್ಟರಿನ ವ್ಯಾಕ್ಯೂಮಿಗೆ ಜೋಡಿಸಿ, ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕನ್ನೂ ಹಾಕಿಸುತ್ತೇವೆ. ಗಡ್ಡವಿದ್ದರೆ ಆ ಮಾಸ್ಕ್ ಬಿಗಿಯಾಗಿ ಕೂರುವುದಿಲ್ಲ. ಮನೆಬಳಕೆಯ ವ್ಯಾಕ್ಯೂಮ್ ಸೂಕ್ಷ್ಮ ಕಣಗಳನ್ನು ಹಿಂಬದಿಯಿಂದ ಹೊರಗೂದುತ್ತದೆ. ಅಡುಗೆಮನೆಗೆ ಈಗ ಬೇಡಿಕೆಯಿರುವ ಕೃತಕ ಕ್ವಾರ್ಟ್ಜ್ ಸ್ಲ್ಯಾಬನ್ನಂತೂ ಒಣಗಿದ್ದಾಗ ಮುಟ್ಟಲೇಬಾರದು ಎನ್ನುವುದು ನನ್ನ ಕಟ್ಟುನಿಟ್ಟು. ಅದರಲ್ಲಿ ಸಿಲಿಕಾ ಶೇ. 90ನ್ನು ಮೀರಬಹುದು, ರೋಗ ಕೆಲವೇ ವರ್ಷಗಳಲ್ಲಿ ಬರಬಹುದು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿಯೇ ಬಿಟ್ಟಿದೆ.

ಮೊದಲಿನ ವರ್ಷಗಳಲ್ಲಿ ಧೂಳು ಕುಡಿದವರ ಎದೆಯಲ್ಲಿ ಅದು ಹಾಗೆಯೇ ಇದೆ. ಅವರಲ್ಲೊಬ್ಬರಿಗೆ ಏದುಸಿರು, ಒಣಕೆಮ್ಮು ಬಂದಾಗ ಒಂದು ಆಸ್ಪತ್ರೆಯಲ್ಲಿ ಕೆಲಸ ಏನೆಂದು ಕೇಳದೆಯೇ ಕ್ಷಯದ ಮಾತ್ರೆ ಶುರುಮಾಡಿದ್ದರು. ಕಫದಲ್ಲಿ ಕ್ಷಯದ ರೋಗಾಣು ಕಂಡಿರಲಿಲ್ಲ. ಸಿಲಿಕೋಸಿಸ್ ಇದ್ದವರಿಗೆ ನಿಜವಾದ ಕ್ಷಯವೂ ಸುಲಭವಾಗಿ ತಗಲುವುದರಿಂದ ಎರಡನ್ನೂ ಪರೀಕ್ಷಿಸಲೇಬೇಕು. ಅಂದಿನಿಂದ ಯಾರು ಯಾವ ಕಲ್ಲಿನ ಮೇಲೆ, ಯಾವ ಯಂತ್ರದಲ್ಲಿ, ಎಷ್ಟು ವರ್ಷ ಕೆಲಸ ಮಾಡಿದ್ದಾರೆಂದು ಒಂದು ಹಾಳೆಯಲ್ಲಿ ಬರೆದು, ಹಳೆಯ ಎದೆ ಎಕ್ಸ್‌ರೇಗಳ ಜೊತೆ ಅವರ ಕೈಯಲ್ಲೇ ಕೊಟ್ಟು ವೈದ್ಯರ ಬಳಿ ಕಳಿಸುತ್ತೇನೆ.