ಗಂಟಾಗದ ಶಿರಾ: ನೀರು ಕುದಿಯಲಿ, ಸಕ್ಕರೆ ಕಾಯಲಿ

ರವಾ ಕೇಸರಿಗೆ ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಶಿರಾ ಎಂದೇ ಹೆಸರು. ನಾದಿನಿಯ ಕುಬಸದ ದಿನ ನಾನು ಮಾಡಿದ ಶಿರಾ ಪೂರ್ತಿ ಗಂಟುಗಂಟಾಗಿತ್ತು. ಒಂದು ಗಂಟನ್ನು ಬೆರಳಿನಿಂದ ಒಡೆದು ನೋಡಿದೆ. ಮೇಲೆ ಅಂಟಂಟಾದ ಪದರ, ಒಳಗೆ ಒಣ ಬಿಳಿ ರವಾ. ಅತ್ತೆ ಬಂದು ಎರಡೇ ಮಾತು ಕೇಳಿದರು: "ನೀರು ಕಳಕಳ ಕುದ್ದಿದ್ವೇನು? ಸಕ್ರಿ ಯಾವಾಗ ಹಾಕ್ದಿ?" ಎರಡರಲ್ಲೂ ನಾನು ತಪ್ಪಿದ್ದೆ. ಆಮೇಲೆ ಅವರ ಜೊತೆ ನಿಂತು ಕಲಿತ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಅಳತೆಗೆ ಒಂದೇ ವಾಟಿ ಇಟ್ಟುಕೊಳ್ಳಿ. ಒಂದು ವಾಟಿ ರವಾಕ್ಕೆ ಮೂರು ವಾಟಿ ನೀರು, ಒಂದೂವರೆ ವಾಟಿ ಸಕ್ಕರೆ, ಮುಕ್ಕಾಲು ವಾಟಿ ತುಪ್ಪ. ಇದು ಉಪ್ಪಿಟ್ಟಿಗೆ ಬಳಸುವ ಮಧ್ಯಮ ರವಾದ ಲೆಕ್ಕ. ಚಿರೋಟಿ ರವಾ ತೀರ ಸಣ್ಣದು, ಅದಕ್ಕೆ ಎರಡೂವರೆ ವಾಟಿ ನೀರು ಸಾಕು. ಆದರೆ ಅದು ಬೇಗ ಗಂಟು ಕಟ್ಟುತ್ತದೆ, ಹಾಗಾಗಿ ಹೊಸದಾಗಿ ಕಲಿಯುವವರಿಗೆ ನಾನು ಅದನ್ನು ಹೇಳುವುದಿಲ್ಲ. ಬನ್ಸಿ ರವಾ ಗಟ್ಟಿ ಕಾಳಿನದು, ಮೂರೂವರೆ ವಾಟಿಯವರೆಗೂ ನೀರು ಕುಡಿಯುತ್ತದೆ, ಬೇಯಲು ಹೊತ್ತೂ ಹೆಚ್ಚು ಬೇಕು. ಸಿಹಿ ಕಡಿಮೆ ಬೇಕಾದವರು ಸಕ್ಕರೆಯನ್ನು ಒಂದೂಕಾಲು ವಾಟಿಗೆ ಇಳಿಸಬಹುದು. ತುಪ್ಪವನ್ನು ಮಾತ್ರ ಅರ್ಧ ವಾಟಿಗಿಂತ ಕೆಳಗೆ ಇಳಿಸಬೇಡಿ.

ದಪ್ಪ ತಳದ ಕಡಾಯಿಯಲ್ಲಿ ಅರ್ಧದಷ್ಟು ತುಪ್ಪ ಕಾಯಿಸಿ, ಗೋಡಂಬಿ, ಒಣದ್ರಾಕ್ಷಿ ಹುರಿದು ತೆಗೆದಿಡಿ. ಅದೇ ತುಪ್ಪಕ್ಕೆ ರವಾ ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಿರಿ. ಎಂಟು-ಹತ್ತು ನಿಮಿಷಕ್ಕೆ ಘಮ ಬರುತ್ತದೆ, ಮೊದಲು ಭಾರವಾಗಿ ಅಂಟಿಕೊಳ್ಳುತ್ತಿದ್ದ ರವಾ ಚಮಚದಿಂದ ಮರಳಿನಂತೆ ಉದುರುತ್ತದೆ. ಕೆಂಪಗಾಗುವವರೆಗೆ ಹುರಿಯುವುದು ಬೇಡ, ಕೇಸರಿಯ ಬಣ್ಣ ಮಂಕಾಗುತ್ತದೆ. ಒಂದೊಂದು ಕಾಳಿಗೂ ತುಪ್ಪ ಸವರಿಕೊಂಡರೆ ನೀರು ಬಿದ್ದಾಗ ಕಾಳುಗಳು ಒಂದಕ್ಕೊಂದು ಮೆತ್ತಿಕೊಳ್ಳುವುದಿಲ್ಲ. ತುಪ್ಪದಲ್ಲಿ ಜಿಪುಣತನ ಮಾಡಿದರೆ ಗಂಟು ಶುರುವಾಗುವುದು ಇಲ್ಲಿಂದಲೇ.

ರವಾ ಹುರಿಯುತ್ತಿರುವಾಗಲೇ ಪಕ್ಕದ ಒಲೆಯಲ್ಲಿ ನೀರು ಕುದಿಯುತ್ತಿರಬೇಕು. ಕೇಸರಿ ಎಸಳುಗಳನ್ನು ಆ ನೀರಿಗೇ ಹಾಕಿದರೆ ಬಣ್ಣ ಎಲ್ಲ ಕಡೆ ಸಮನಾಗಿ ಹಿಡಿಯುತ್ತದೆ. ಬರೀ ಬೆಚ್ಚಗಿನ ನೀರು ಹಾಕಿದರೆ ರವಾ ನೆನೆದು ಮುದ್ದೆಯಾಗಿ ಕೂಡುತ್ತದೆ, ಆಮೇಲೆ ಬಿಸಿ ಏರಿದಾಗ ಆ ಮುದ್ದೆಯ ಮೇಲ್ಭಾಗವಷ್ಟೇ ಬೆಂದು ಅಂಟಾಗುತ್ತದೆ. ಆ ಅಂಟನ್ನು ದಾಟಿ ನೀರು ಒಳಗೆ ಇಳಿಯುವುದಿಲ್ಲ. ನನ್ನ ಗಂಟಿನೊಳಗೆ ಒಣ ರವಾ ಉಳಿದದ್ದು ಹೀಗೆ. ಆದ್ದರಿಂದ ಉರಿ ತೀರ ಸಣ್ಣದು ಮಾಡಿ, ಒಂದು ಕೈಯಿಂದ ತಿರುವುತ್ತಾ ಇನ್ನೊಂದು ಕೈಯಿಂದ ಕುದಿಯುವ ನೀರನ್ನು ಸಣ್ಣ ಧಾರೆಯಾಗಿ ಬಿಡಿ. ಜೋರಾಗಿ ಸಿಡಿಯುತ್ತದೆ, ಮುಖ ದೂರ ಇರಲಿ, ಉದ್ದ ಹಿಡಿಕೆಯ ಸೌಟು ಹಿಡಿಯಿರಿ.

ನೀರು ಹೀರಿಕೊಂಡ ಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬಿಡಿ. ಮುಚ್ಚಳ ತೆಗೆದು ಒಂದು ಚೂರು ಬೆರಳುಗಳ ನಡುವೆ ಹಿಸುಕಿ ನೋಡಿ. ನಡುವೆ ಬಿಳಿ ಚುಕ್ಕೆಯಾಗಲಿ ತರಿತರಿಯಾಗಲಿ ಸಿಕ್ಕರೆ ಇನ್ನೂ ಬೆಂದಿಲ್ಲ. ಎರಡು ಚಮಚ ಬಿಸಿನೀರು ಚಿಮುಕಿಸಿ ಮತ್ತೆ ಮುಚ್ಚಿ. ಗಂಟು ಕಂಡರೆ ಸೌಟಿನ ಬೆನ್ನಿನಿಂದ ಕಡಾಯಿಯ ಗೋಡೆಗೆ ಒತ್ತಿ ಒಡೆಯಲು ಇದೇ ಸರಿಯಾದ ಹೊತ್ತು. ಸಕ್ಕರೆ ಬಿದ್ದ ಮೇಲೆ ಒಡೆದರೂ ಒಳಗಿನ ರವಾ ಮೆತ್ತಗಾಗುವುದು ಕಷ್ಟ, ಯಾಕೆಂದರೆ ಸಕ್ಕರೆ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ.

ರವಾ ಪೂರ್ತಿ ಅರಳಿದೆ ಎಂದು ಖಾತ್ರಿಯಾದ ಮೇಲಷ್ಟೇ ಸಕ್ಕರೆ ಹಾಕಿ. ಗಟ್ಟಿಯಿದ್ದದ್ದು ಒಮ್ಮೆಲೇ ನೀರಾಗುತ್ತದೆ. ನೀರು ಹೆಚ್ಚಾಯಿತೆಂದು ಗಾಬರಿಯಾಗಿ ಮೇಲೆ ರವಾ ಉದುರಿಸಬೇಡಿ, ಅದು ಹಸಿಯಾಗಿಯೇ ಉಳಿಯುತ್ತದೆ. ತಿರುವುತ್ತಾ ಇದ್ದರೆ ಐದು ನಿಮಿಷದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಈಗ ಉಳಿದ ತುಪ್ಪವನ್ನು ಎರಡು ಸಲಕ್ಕೆ ಸೇರಿಸಿ, ಯಾಲಕ್ಕಿ ಪುಡಿ, ಗೋಡಂಬಿ, ದ್ರಾಕ್ಷಿ ಹಾಕಿ. ಶಿರಾ ಕಡಾಯಿಯ ಅಂಚು ಬಿಟ್ಟು ಹೊಳೆಯತೊಡಗಿದಾಗ, ಇನ್ನೂ ಸ್ವಲ್ಪ ಸಡಿಲ ಇರುವಾಗಲೇ ಇಳಿಸಿ. ಆರಿದ ಹಾಗೆ ತಾನೇ ಬಿಗಿಯಾಗುತ್ತದೆ.

ಹೆಚ್ಚು ಜನರಿಗೆ ಮಾಡುವಾಗ ಅಳತೆ ಇದೇ, ಆದರೆ ರವಾ ಎರಡು-ಮೂರು ಕಂತಿನಲ್ಲಿ ಹುರಿಯಿರಿ. ಕುಬಸದ ದಿನ ನಾನು ಒಂದು ಕಿಲೋ ಒಟ್ಟಿಗೆ ಸುರಿದಿದ್ದೆ, ತಳದ್ದು ಕೆಂಪಾದರೂ ಮೇಲಿನದು ಹಸಿಯಿತ್ತು. ಉಳಿದ ಶಿರಾ ಮರುದಿನ ಗಟ್ಟಿಯಾಗಿದ್ದರೆ ಬಿಸಿ ಹಾಲು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಮೂರು ನಿಮಿಷ ಇಡಿ.